ಐವತ್ತು ಲಕ್ಷದ ಅರ್ಜಿ, ಒಂದು ಪುಟದ ಟಿಪ್ಪಣಿ

ಸಂಶೋಧನೆಗೆ ಹಣ ಹಂಚುವ ಸಮಿತಿಗಳಲ್ಲಿ ಕೂರುವವರಿಗೆ ಅದೇ ಪೂರ್ಣಾವಧಿ ಕೆಲಸವಲ್ಲ. ಅವರು ಪಾಠ ಮಾಡುವ, ಪ್ರಯೋಗಾಲಯ ನಡೆಸುವ, ತಮ್ಮ ವಿದ್ಯಾರ್ಥಿಗಳ ಪ್ರಬಂಧ ತಿದ್ದುವ ಪ್ರಾಧ್ಯಾಪಕರು, ವಿಜ್ಞಾನಿಗಳು. ಸಭೆಗೆ ಒಂದೆರಡು ವಾರ ಇರುವಾಗ ಇಪ್ಪತ್ತು ಮೂವತ್ತು ಅರ್ಜಿಗಳು ಅವರಿಗೆ ಬಂದು ಬೀಳುತ್ತವೆ. ಒಂದೊಂದು ಅರ್ಜಿಯೂ ನಲವತ್ತು ಪುಟ. ಸಭೆಯಲ್ಲಿ ಒಂದೊಂದಕ್ಕೂ ಸಿಗುವುದು ಹತ್ತು ಹದಿನೈದು ನಿಮಿಷ. ಆ ಸಮಯದಲ್ಲಿ ಒಬ್ಬ ಸಂಶೋಧಕರ ಮೂರು ವರ್ಷದ ದುಡಿಮೆಯೂ ಸಾರ್ವಜನಿಕರ ಐವತ್ತು ಲಕ್ಷ ರೂಪಾಯಿಯೂ ತೀರ್ಮಾನವಾಗಬೇಕು.

ಅದಕ್ಕಾಗಿಯೇ ಪ್ರತಿ ಅರ್ಜಿಗೂ ಒಂದು ಪುಟದ ಟಿಪ್ಪಣಿ ಬೇಕಾಗುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್ ಪ್ರತಿ ಅರ್ಜಿಯಲ್ಲೂ ಗುರಿಗಳನ್ನು ಒಂದೇ ಪುಟದಲ್ಲಿ ಹೇಳಬೇಕೆಂದು ನಿಯಮ ಮಾಡಿರುವುದು ಇದೇ ಕಾರಣಕ್ಕೆ. ಅಲ್ಲಿ ಸಾಮಾನ್ಯವಾಗಿ ಮೂವರು ಪರಿಶೀಲಕರು ಅರ್ಜಿಯನ್ನು ಆಳವಾಗಿ ಓದಿ ವರದಿ ಬರೆಯುತ್ತಾರೆ. ಸಮಿತಿಯ ಉಳಿದವರು ಹೆಚ್ಚಾಗಿ ಆ ಒಂದು ಪುಟವನ್ನೂ ಆ ಮೂವರ ಮಾತನ್ನೂ ನಂಬಿ ಅಂಕ ಕೊಡುತ್ತಾರೆ. ನಮ್ಮಲ್ಲಿ ಕೇಂದ್ರದ ಅನುದಾನದ ಒಂದು ಭಾಗದ ಹೊಣೆ 2023ರ ಕಾಯ್ದೆಯ ನಂತರ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್‌ಗೆ ಬಂದಿದೆ. ಹಿಂದಿನ ಎಸ್‌ಇಆರ್‌ಬಿ ಅದರೊಳಗೆ ಸೇರಿಹೋಯಿತು. ಹಣ ಕೊಡುವ ಸಂಸ್ಥೆ ಯಾವುದೇ ಇರಲಿ, ಸಮಿತಿಯ ಸದಸ್ಯರಿಗೆ ಬೇಕಾದ ಉತ್ತರ ಒಂದೇ: ಇವರು ಏನು ಮಾಡುತ್ತಾರೆ, ಎಷ್ಟು ಕೇಳುತ್ತಿದ್ದಾರೆ, ಕೊನೆಗೆ ಏನು ಸಿಗುತ್ತದೆ?

ಈ ಮೂರನ್ನು ಮೂರು ಪ್ಯಾರಾಗಳಾಗಿ ಬರೆದುಬಿಟ್ಟರೆ ಸಾರಾಂಶ ಆಯಿತು ಎಂದು ಹಲವರು ತಿಳಿಯುತ್ತಾರೆ. ನನ್ನ ಅಭಿಪ್ರಾಯ ಬೇರೆ. ಉದ್ದೇಶವನ್ನು ಹಣಕ್ಕೆ ಜೋಡಿಸಬೇಕು, ಹಣವನ್ನು ಫಲಕ್ಕೆ ಜೋಡಿಸಬೇಕು. ಜೋಡಣೆ ಎಲ್ಲಿ ಕೂಡುವುದಿಲ್ಲವೋ ಅದು ಕಾಣುವಂತೆ ಬರೆಯಬೇಕು. ನಲವತ್ತು ಪುಟದ ಅರ್ಜಿಯಲ್ಲಿ ಉದ್ದೇಶ ಐದನೇ ಪುಟದಲ್ಲಿರುತ್ತದೆ, ಬಜೆಟ್ ಇಪ್ಪತ್ತೆಂಟನೇ ಪುಟದಲ್ಲಿರುತ್ತದೆ. ಸಮಯವಿಲ್ಲದ ಸದಸ್ಯರಿಗೆ ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಲು ಆಗುವುದಿಲ್ಲ. ಟಿಪ್ಪಣಿ ಬರೆಯುವವರು ಮಾಡಿಕೊಡಬೇಕಾದ ಉಪಕಾರ ಅದು.

ಇದನ್ನು ಒಂದು ಉದಾಹರಣೆಯ ಮೂಲಕ ನೋಡೋಣ. ಸಮಿತಿಗೆ ಬಂದ ಅರ್ಜಿ ಗುಟ್ಟಿನ ಕಾಗದ, ಯಾರದ್ದನ್ನೂ ಬಯಲಿಗೆ ತರುವಂತಿಲ್ಲ. ಹಾಗಾಗಿ ಇಲ್ಲಿರುವುದು ನಾನೇ ಕಟ್ಟಿದ ಮಾದರಿ ಅರ್ಜಿ. ಅದರ ಮೊತ್ತ, ಪುಟಸಂಖ್ಯೆ, ತೋಟಗಳ ಲೆಕ್ಕ ಎಲ್ಲವೂ ಕಲ್ಪಿತ. ವಿಷಯ ಮಾತ್ರ ಮಲೆನಾಡಿನ ಯಾರಿಗೂ ಹೊಸದಲ್ಲ: ಅಡಿಕೆಯ ಕೊಳೆರೋಗ.

ರೋಗದ ಬಗ್ಗೆ ಎರಡು ಮಾತು ಬೇಕು, ಏಕೆಂದರೆ ವಿಷಯ ತಿಳಿಯದೆ ಅರ್ಜಿಯ ಸಾರ ಬರೆಯಲಾಗದು. ಕೊಳೆರೋಗ ತರುವುದು ಫೈಟಾಫ್ತೊರಾ ಎಂಬ, ಶಿಲೀಂಧ್ರದಂತೆ ಕಾಣುವ ಜೀವಿ. ಅದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಅದಕ್ಕೇ ಬಿಡುವಿಲ್ಲದೆ ಮಳೆ ಸುರಿದ ವರ್ಷ ಕೊನೆಕೊನೆಯೇ ಕೊಳೆತು, ಎಳೆಯ ಕಾಯಿ ಉದುರಿ ಮರದ ಬುಡ ತುಂಬುತ್ತದೆ. ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಪ್ಪಿಸುತ್ತಿದ್ದ ಕಾಲದಲ್ಲಿ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ಈ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಅದರ ಬಗ್ಗೆ ಬರೆದರು. ಇಂದಿಗೂ ಬೆಳೆಗಾರರು ನೆಚ್ಚಿರುವುದು ಬೋರ್ಡೋ ದ್ರಾವಣವನ್ನೇ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮಳೆಗಾಲ ಹಿಡಿಯುವ ಮುಂಚೆ ಒಂದು ಸಲ, ಆಮೇಲೆ 40–45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯುತ್ತಾರೆ. ಎರಡನೆಯ ಸಿಂಪಡಣೆಗೆ ಮಳೆ ಬಿಡುವು ಕೊಡಬೇಕು, ಮರ ಹತ್ತುವ ಕೊನೆಗಾರರು ಸಿಗಬೇಕು. ಎರಡೂ ಕಷ್ಟ.

ನಮ್ಮ ಅರ್ಜಿದಾರರು ಹೇಳುವುದು ಇಷ್ಟು: ಕ್ಯಾಲೆಂಡರ್ ನೋಡಿ ಹೊಡೆಯುವ ಬದಲು ಹವಾಮಾನ ನೋಡಿ ಹೊಡೆಯೋಣ. ರೋಗ ಹಬ್ಬುವ 5 ದಿನ ಮುಂಚೆ ಬೆಳೆಗಾರರ ಮೊಬೈಲಿಗೆ ಎಚ್ಚರಿಕೆ ಕಳಿಸೋಣ. ಅವಧಿ 3 ವರ್ಷ, ಮೊತ್ತ 50 ಲಕ್ಷದ 28 ಸಾವಿರ.

ಒಳ್ಳೆಯ ಆಲೋಚನೆ. ಇನ್ನು ಓದುವ ಕೆಲಸ.

ನಾನು ಮೊದಲು ಓದುವುದು ಬಜೆಟ್. ಅರ್ಜಿಯ ಮುಂದಿರುವ ಸಂಕ್ಷೇಪವನ್ನು ಕೊನೆಗೆ ಓದುತ್ತೇನೆ. ಸಂಕ್ಷೇಪ ಬರೆದವರು ಅರ್ಜಿದಾರರೇ, ಅದು ಮನವೊಲಿಸಲು ಬರೆದದ್ದು, ಅದರಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಮೊದಲು ಓದಿದರೆ ಉಳಿದ ಪುಟಗಳನ್ನೆಲ್ಲ ಅವರ ಕಣ್ಣಿನಿಂದಲೇ ನೋಡುತ್ತೇವೆ. ಬಜೆಟ್ ಹಾಗಲ್ಲ. ಯಾವ ಕೆಲಸಕ್ಕೆ ನಿಜವಾಗಿ ಹಣ ಹೋಗುತ್ತದೆ ಎಂಬುದನ್ನು ಅದು ನೇರವಾಗಿ ಹೇಳುತ್ತದೆ.

ಮಾದರಿ ಅರ್ಜಿಯ ಬಜೆಟ್ 28ನೇ ಪುಟದಲ್ಲಿದೆ. ಉಪಕರಣಕ್ಕೆ 20 ಲಕ್ಷ 50 ಸಾವಿರ. ಇದರಲ್ಲಿ ಒಂದು ರಿಯಲ್‌ಟೈಮ್ ಪಿಸಿಆರ್ ಯಂತ್ರಕ್ಕೆ 13 ಲಕ್ಷ 50 ಸಾವಿರ, ನಾಲ್ಕು ಹವಾಮಾನ ಕೇಂದ್ರಗಳಿಗೆ 7 ಲಕ್ಷ. ಒಬ್ಬ ಜೆಆರ್‌ಎಫ್ ಸಂಬಳಕ್ಕೆ 15 ಲಕ್ಷ 31 ಸಾವಿರ. ರಾಸಾಯನಿಕ, ಗಾಜಿನ ಸಾಮಾನು ಮುಂತಾದ ಬಳಕೆ ಸಾಮಗ್ರಿಗೆ 6 ಲಕ್ಷ. ಪ್ರಯಾಣಕ್ಕೆ 2 ಲಕ್ಷ 40 ಸಾವಿರ. ಕಂಟಿಂಜೆನ್ಸಿ, ಅಂದರೆ ಸಣ್ಣಪುಟ್ಟ ಅನಿರೀಕ್ಷಿತ ಖರ್ಚಿಗೆ 1 ಲಕ್ಷ 50 ಸಾವಿರ. ಇವೆಲ್ಲ ಸೇರಿ 45 ಲಕ್ಷ 71 ಸಾವಿರ. ಇದರ ಮೇಲೆ ಸಂಸ್ಥೆಯ ಓವರ್‌ಹೆಡ್ ಶೇ. 10.

ಸಂಬಳದ ಲೆಕ್ಕ ಸರಿಯಿದೆ. ಕೇಂದ್ರ ಸರ್ಕಾರ 2023ರ ಜನವರಿಯಿಂದ ಜೆಆರ್‌ಎಫ್‌ಗೆ ತಿಂಗಳಿಗೆ 37,000, ಎರಡು ವರ್ಷದ ನಂತರ ಎಸ್‌ಆರ್‌ಎಫ್ ಆದಾಗ 42,000 ನಿಗದಿ ಮಾಡಿದೆ. ಮನೆಬಾಡಿಗೆ ಭತ್ಯೆ ಪ್ರತ್ಯೇಕ. ಅರ್ಜಿದಾರರು ಎರಡನ್ನೂ ಲೆಕ್ಕ ಹಿಡಿದಿದ್ದಾರೆ. ಲೆಕ್ಕ ಸರಿಯಿರುವಾಗ ಅದರ ಬಗ್ಗೆ ಟಿಪ್ಪಣಿಯಲ್ಲಿ ಒಂದು ಸಾಲು ಸಾಕು.

ಉಪಕರಣದ ಲೆಕ್ಕ ಸರಿಯಿಲ್ಲ. ಕಂಪನಿಗಳ ಕೊಟೇಶನ್ ಅರ್ಜಿಯ ಕೊನೆಯಲ್ಲಿ ಲಗತ್ತಾಗಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಜಿಎಸ್‌ಟಿ ಪ್ರತ್ಯೇಕ' ಎಂದಿದೆ. ಸಾರ್ವಜನಿಕ ಸಂಶೋಧನಾ ಸಂಸ್ಥೆಗಳು ಕೊಳ್ಳುವ ವೈಜ್ಞಾನಿಕ ಉಪಕರಣಕ್ಕೆ ಹಿಂದೆ ಶೇ. 5ರ ರಿಯಾಯಿತಿ ದರ ಇತ್ತು. 2022ರ ಜುಲೈ 18ರಿಂದ ಅದು ಹೋಯಿತು. ಈಗ ಇಂಥ ಉಪಕರಣಗಳಿಗೆ ಶೇ. 18 ಬೀಳುತ್ತದೆ ಎಂದು ಹಿಡಿದರೆ 20 ಲಕ್ಷ 50 ಸಾವಿರದ ಮೇಲೆ 3 ಲಕ್ಷ 69 ಸಾವಿರ ಕಡಿಮೆ ಬೀಳುತ್ತದೆ. ಹಣ ಮಂಜೂರಾದ ಮೇಲೆ ಗೊತ್ತಾದರೆ ಒಂದು ಹವಾಮಾನ ಕೇಂದ್ರ ಬಿಡಬೇಕಾಗುತ್ತದೆ, ಇಲ್ಲವೇ ಎರಡು. ಸದಸ್ಯರು ಕೊಟೇಶನ್ ಪುಟಗಳ ತನಕ ಹೋಗುವುದೇ ಅಪರೂಪ. ಟಿಪ್ಪಣಿ ಬರೆಯುವವರು ಹೋಗಲೇಬೇಕು.

ಇಷ್ಟಾದ ಮೇಲೆ ಅರ್ಜಿ ಹೇಳಿಕೊಂಡಿರುವ ನಾಲ್ಕು ಉದ್ದೇಶಗಳಿಗೆ ಬರುತ್ತೇನೆ. ಶಿರಸಿ, ಸಿದ್ದಾಪುರ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳಿಂದ ರೋಗಾಣುವಿನ ಮಾದರಿ ತಂದು ಅವುಗಳ ತಳಿವೈವಿಧ್ಯ ಪತ್ತೆಹಚ್ಚುವುದು ಮೊದಲನೆಯದು. ಮಳೆ, ತೇವಾಂಶ, ಉಷ್ಣಾಂಶಕ್ಕೂ ರೋಗದ ಹಬ್ಬುವಿಕೆಗೂ ಇರುವ ಸಂಬಂಧವನ್ನು 2 ಮಳೆಗಾಲ ಅಳೆಯುವುದು ಎರಡನೆಯದು. ಆ ಅಳತೆಯಿಂದ 5 ದಿನ ಮುಂಚೆ ಎಚ್ಚರಿಸುವ ಸೂತ್ರ ರೂಪಿಸುವುದು ಮೂರನೆಯದು. 20 ತೋಟಗಳಲ್ಲಿ ಈ ಎಚ್ಚರಿಕೆ ನೋಡಿ ಹೊಡೆಯುವುದನ್ನೂ ಕ್ಯಾಲೆಂಡರ್ ನೋಡಿ ಹೊಡೆಯುವುದನ್ನೂ 2 ಮಳೆಗಾಲ ಹೋಲಿಸಿ ನೋಡುವುದು ನಾಲ್ಕನೆಯದು.

ಈಗ ಒಂದು ಬಿಳಿ ಹಾಳೆ ತೆಗೆದುಕೊಂಡು ಪ್ರತಿ ಉದ್ದೇಶದ ಎದುರು ಅದಕ್ಕೆ ಹೋಗುವ ರೂಪಾಯಿ ಬರೆಯುತ್ತೇನೆ. ಇಡೀ ಕೆಲಸದ ತಿರುಳು ಈ ಹಾಳೆಯಲ್ಲಿದೆ. ಸಂಬಳ, ಪ್ರಯಾಣ ಎಲ್ಲ ಉದ್ದೇಶಗಳಿಗೂ ಹಂಚಿಹೋಗುತ್ತವೆ, ಅವನ್ನು ಬದಿಗಿಡಬಹುದು. ಪಿಸಿಆರ್ ಯಂತ್ರ ಮೊದಲ ಉದ್ದೇಶಕ್ಕೆ ಮಾತ್ರ ಬೇಕು. ಬಳಕೆ ಸಾಮಗ್ರಿಯ 6 ಲಕ್ಷದಲ್ಲಿ 4 ಲಕ್ಷವೂ ಅದೇ ಯಂತ್ರದ ರಾಸಾಯನಿಕಗಳಿಗೆ. ಹೀಗೆ ಮೊದಲ ಉದ್ದೇಶದ ಎದುರು 17 ಲಕ್ಷ 50 ಸಾವಿರ. ಎರಡನೆಯದರ ಎದುರು ಹವಾಮಾನ ಕೇಂದ್ರಗಳ 7 ಲಕ್ಷ. ಮೂರನೆಯದು ಕಂಪ್ಯೂಟರಿನಲ್ಲಿ ನಡೆಯುವ ಕೆಲಸ, ಜೆಆರ್‌ಎಫ್ ಸಮಯವೇ ಅದರ ಖರ್ಚು.

ನಾಲ್ಕನೆಯದರ ಎದುರು ಏನೂ ಇಲ್ಲ.

20 ತೋಟ. ಪ್ರತಿ ತೋಟದಲ್ಲಿ 50 ಮರದ ಎರಡು ತುಂಡು ಎಂದು ವಿಧಾನದ ಪುಟ ಹೇಳುತ್ತದೆ, ಒಟ್ಟು 2,000 ಮರ. ಮಳೆಗಾಲಕ್ಕೆ ಎರಡು ಸಿಂಪಡಣೆ, ಎರಡು ಮಳೆಗಾಲ ಎಂದರೆ ಸುಮಾರು 8,000 ಸಲ ಕೊನೆಗೆ ಔಷಧಿ ತಲುಪಬೇಕು. ಕೊನೆಗಾರರ ಕೂಲಿ ಬಜೆಟ್ಟಿನ ಯಾವ ಸಾಲಿನಲ್ಲೂ ಇಲ್ಲ. ಬೆಳೆಗಾರರೇ ಭರಿಸುತ್ತಾರೆ ಎಂಬ ಒಪ್ಪಿಗೆ ಪತ್ರವೂ ಲಗತ್ತಾಗಿಲ್ಲ. ಇದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆ ಇದೆ. ಸೂತ್ರ ಇನ್ನೂ ಪರೀಕ್ಷೆಯಲ್ಲಿದೆ. ಅದು 'ಈಗ ಹೊಡೆಯಬೇಡಿ' ಎಂದು ಹೇಳಿ, ತೋಟದವರು ಸುಮ್ಮನಿದ್ದು, ಆ 50 ಮರದ ಫಸಲು ಕೊಳೆತುಹೋದರೆ ನಷ್ಟ ತುಂಬುವವರು ಯಾರು? ಅರ್ಜಿ ಈ ಬಗ್ಗೆ ಏನೂ ಹೇಳುವುದಿಲ್ಲ. ಬೆಳೆಗಾರರ ತೋಟದಲ್ಲಿ ಪ್ರಯೋಗ ಮಾಡುವ ಯಾವ ಅರ್ಜಿಯಲ್ಲೂ ನಾನು ಇದನ್ನು ಹುಡುಕುತ್ತೇನೆ.

ಮಂಜೂರಾದ ಮೇಲೆ ಸರಿಪಡಿಸಿಕೊಳ್ಳಬಹುದಲ್ಲ ಎನ್ನಬಹುದು. ಅದು ಅಷ್ಟು ಸುಲಭವಲ್ಲ. ಸರ್ಕಾರಿ ಅನುದಾನ ಹೆಡ್‌ಗಳ ಲೆಕ್ಕದಲ್ಲಿ ಬರುತ್ತದೆ. ಉಪಕರಣಕ್ಕೆಂದು ಬಂದ ಹಣವನ್ನು ಕೂಲಿಗೆ ತಿರುಗಿಸಬೇಕಾದರೆ ಅನುದಾನ ಕೊಟ್ಟವರ ಒಪ್ಪಿಗೆ ಬೇಕು. ವರ್ಷ ಮುಗಿದ ಮೇಲೆ ಖರ್ಚಿನ ಬಳಕೆ ಪ್ರಮಾಣಪತ್ರ ಸಲ್ಲಿಸಬೇಕು, ಅದು ಹೊಂದದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ಒಪ್ಪಿಗೆಯ ಪತ್ರ ಓಡಾಡುವಷ್ಟರಲ್ಲಿ ಮಳೆಗಾಲ ಕಳೆದಿರುತ್ತದೆ.

ಮಳೆಗಾಲದ ಮಾತು ಬಂದಿದ್ದರಿಂದ ಕಾಲದ ಲೆಕ್ಕವನ್ನೂ ನೋಡೋಣ. ಕೃಷಿ ಸಂಶೋಧನೆಯ ಅರ್ಜಿಯಲ್ಲಿ ವರ್ಷ ಎಣಿಸಬಾರದು, ಹಂಗಾಮು ಎಣಿಸಬೇಕು. ಎರಡನೆಯ ಉದ್ದೇಶಕ್ಕೆ 2 ಮಳೆಗಾಲ ಬೇಕು. ಅದು ಮುಗಿದು ಸೂತ್ರ ಸಿದ್ಧವಾದ ಮೇಲೆ ನಾಲ್ಕನೆಯದಕ್ಕೆ ಇನ್ನೂ 2 ಮಳೆಗಾಲ ಬೇಕು. ಒಟ್ಟು 4. ಮೂರು ವರ್ಷದಲ್ಲಿ ಸಿಗುವುದು 3. ಅದೂ ಎಲ್ಲವೂ ಸಮಯಕ್ಕೆ ಸರಿಯಾಗಿ ನಡೆದರೆ. ಹಣ ಅಕ್ಟೋಬರಿನಲ್ಲಿ ಬಂತು ಎಂದುಕೊಳ್ಳಿ. ಜೆಆರ್‌ಎಫ್ ಹುದ್ದೆಗೆ ಜಾಹೀರಾತು, ಸಂದರ್ಶನ ಮುಗಿಯುವಾಗ ಜನವರಿ. ಉಪಕರಣ ಖರೀದಿಯ ಟೆಂಡರ್, ಸರಬರಾಜು, ಜೋಡಣೆ ಮುಗಿಯುವಾಗ ಮೇ. ಜೂನ್ ಮೊದಲ ವಾರ ಮಳೆ ಹಿಡಿಯುತ್ತದೆ. ಖರೀದಿ ಎರಡು ತಿಂಗಳು ಹಿಂದೆ ಬಿದ್ದರೆ ಮೊದಲ ಮಳೆಗಾಲದ ಅರ್ಧ ಅಳತೆ ಹೋಯಿತು, ಅದನ್ನು ಮತ್ತೆ ತರಲಾಗದು.

ಈ ಹಂತದಲ್ಲಿ ಒಂದು ಆತುರ ತಡೆಯಬೇಕು. ಕೊರತೆಗಳು ಸಿಗತೊಡಗಿದ ಮೇಲೆ ಎಲ್ಲವೂ ಕೊರತೆಯಾಗಿಯೇ ಕಾಣುತ್ತದೆ. ಹವಾಮಾನ ಕೇಂದ್ರದ 7 ಲಕ್ಷವನ್ನೇ ತೆಗೆದುಕೊಳ್ಳಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರ ಇಟ್ಟಿದೆ. ಅಷ್ಟಿರುವಾಗ ಹೊಸದು ಏಕೆ ಎಂದು ಸಮಿತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅರ್ಜಿಯ 11ನೇ ಪುಟದಲ್ಲಿ ಉತ್ತರ ಇದೆ. ಬಯಲಲ್ಲಿಟ್ಟ ಕೇಂದ್ರ ಅಳೆಯುವುದು ಬಯಲಿನ ತೇವಾಂಶವನ್ನು. ಕಣಿವೆಯ ತೋಟದೊಳಗೆ, ಮರದ ನೆತ್ತಿಯ ಕೆಳಗೆ ತೇವ ಬಹಳ ಹೊತ್ತು ಆರುವುದಿಲ್ಲ, ಕೊನೆ ಎಷ್ಟು ಗಂಟೆ ಒದ್ದೆಯಾಗಿತ್ತು ಎಂಬುದೇ ರೋಗಕ್ಕೆ ಮುಖ್ಯ, ಅದನ್ನು ತೋಟದೊಳಗೇ ಅಳೆಯಬೇಕು ಎಂದು ಅವರು ವಿವರಿಸಿದ್ದಾರೆ. ಇದು ಗಟ್ಟಿಯಾದ ಉತ್ತರ. ಟಿಪ್ಪಣಿಯಲ್ಲಿ ಪ್ರಶ್ನೆಯ ಜೊತೆಗೇ ಈ ಉತ್ತರವೂ ಪುಟಸಂಖ್ಯೆಯೊಂದಿಗೆ ಇರಬೇಕು. ಇಲ್ಲದಿದ್ದರೆ ಸಭೆಯಲ್ಲಿ ಆ ಪ್ರಶ್ನೆ ಎದ್ದಾಗ ಅರ್ಜಿದಾರರ ಪರವಾಗಿ ಹೇಳುವವರು ಯಾರೂ ಇರುವುದಿಲ್ಲ. ಅವರು ಆ ಕೋಣೆಯಲ್ಲಿ ಇರುವುದಿಲ್ಲ ಎಂಬುದನ್ನು ಟಿಪ್ಪಣಿ ಬರೆಯುವವರು ಒಂದು ಕ್ಷಣವೂ ಮರೆಯಬಾರದು.

ಪಿಸಿಆರ್ ಯಂತ್ರಕ್ಕೂ ಇಂಥ ಉತ್ತರ ಇದೆಯೇ ಎಂದು ಹುಡುಕಿದರೆ ಸಿಗುವುದು ಬೇರೆಯೇ. ಸಂಸ್ಥೆಗಳಲ್ಲಿ ಈಗಾಗಲೇ ಇರುವ ಸೌಲಭ್ಯಗಳ ಪಟ್ಟಿ 33ನೇ ಪುಟದಲ್ಲಿದೆ. ಸಹಸಂಶೋಧಕರ ವಿಭಾಗದಲ್ಲಿ ಇದೇ ಬಗೆಯ ಯಂತ್ರ ಇದೆ ಎಂದು ಅಲ್ಲೇ ಬರೆದಿದ್ದಾರೆ. ಹೊಸದು ಏಕೆ ಎಂಬ ವಿವರಣೆ ಇಲ್ಲ. ಕಾರಣ ಇರಬಹುದು. ಆ ಯಂತ್ರ ಹಳೆಯದಾಗಿರಬಹುದು, ಬೇರೆ ಯೋಜನೆಯಲ್ಲಿ ಸದಾ ಬಳಕೆಯಲ್ಲಿರಬಹುದು. ಆದರೆ ಅರ್ಜಿಯಲ್ಲಿ ಇಲ್ಲದ ಕಾರಣವನ್ನು ಟಿಪ್ಪಣಿ ಊಹಿಸಿ ಬರೆಯುವಂತಿಲ್ಲ, ಪರವಾಗಿಯೂ ಇಲ್ಲ, ವಿರುದ್ಧವಾಗಿಯೂ ಇಲ್ಲ.

ಉಳಿದದ್ದು ನಿರೀಕ್ಷಿತ ಫಲ. ಅರ್ಜಿಗಳಲ್ಲಿ ಅತ್ಯಂತ ಸಡಿಲವಾಗಿ ಬರೆಯುವ ಭಾಗ ಇದೇ. ನಮ್ಮ ಮಾದರಿ ಅರ್ಜಿ ಎರಡು ಸಂಶೋಧನಾ ಲೇಖನ, ಒಬ್ಬ ಪಿಎಚ್‌ಡಿ, ಒಂದು ಎಚ್ಚರಿಕೆ ವ್ಯವಸ್ಥೆ, ಕೊಳೆರೋಗದ ನಷ್ಟದಲ್ಲಿ ಶೇ. 50 ಇಳಿಕೆ ಎಂದು ನಾಲ್ಕನ್ನೂ ಒಂದೇ ಸಾಲಿನಲ್ಲಿ ಪೋಣಿಸಿದೆ. ಇವು ಒಂದೇ ಜಾತಿಯವಲ್ಲ. ಲೇಖನ, ಪದವಿ, ಸೂತ್ರ ಇವು ಯೋಜನೆ ಮುಗಿದ ದಿನ ಎಣಿಸಿ ನೋಡಬಹುದಾದವು, ಅರ್ಜಿದಾರರ ಕೈಯಲ್ಲಿರುವವು. ನಷ್ಟದ ಇಳಿಕೆ ಹಾಗಲ್ಲ. ಬೆಳೆಗಾರರು ಎಚ್ಚರಿಕೆ ನಂಬಬೇಕು, ಆ 5 ದಿನದಲ್ಲಿ ಮಳೆ ಬಿಡುವು ಕೊಡಬೇಕು, ಕೊನೆಗಾರರು ಸಿಗಬೇಕು, ಆಗ ಮಾತ್ರ ನಷ್ಟ ಇಳಿಯುತ್ತದೆ. ಶೇ. 50 ಎನ್ನುವುದು ಯಾವುದರ ಅರ್ಧ? ಈಗ ಆ 20 ತೋಟಗಳಲ್ಲಿ ಎಷ್ಟು ನಷ್ಟವಾಗುತ್ತಿದೆ ಎಂಬ ಅಳತೆ ಅರ್ಜಿಯಲ್ಲಿ ಎಲ್ಲೂ ಇಲ್ಲ. ಮೊದಲ ಅಳತೆ ಇಲ್ಲದ ಕಡೆ ಇಳಿಕೆಯನ್ನು ತೋರಿಸುವುದು ಮೂರು ವರ್ಷದ ನಂತರವೂ ಸಾಧ್ಯವಿಲ್ಲ. ಆದ್ದರಿಂದ ಟಿಪ್ಪಣಿಯಲ್ಲಿ ಫಲವನ್ನು ಎರಡಾಗಿ ಒಡೆಯುತ್ತೇನೆ. ಕೊನೆಯ ದಿನ ಕೈಯಲ್ಲಿ ಇರುವುದು ಒಂದು ಕಡೆ. ಆಮೇಲೆ, ಬೇರೆಯವರ ಸಹಕಾರವೂ ಕೂಡಿದರೆ ಆಗಬಹುದಾದದ್ದು ಇನ್ನೊಂದು ಕಡೆ.

ಈಗ ಮುಂದಿನ ಸಂಕ್ಷೇಪ ಓದುತ್ತೇನೆ. ಅದರಲ್ಲಿ ಆರು ಸಾಲು ಬೆಳೆಗಾರರಿಗೆ ಸಿಗುವ ಎಚ್ಚರಿಕೆಯ ಬಗ್ಗೆ, ಒಂದು ಸಾಲು ತಳಿವೈವಿಧ್ಯದ ಬಗ್ಗೆ. ಹಣದಲ್ಲಿ ಲೆಕ್ಕ ತಿರುವುಮುರುವು. ಉದ್ದೇಶಕ್ಕೆಂದೇ ಮೀಸಲಾದ ಅತಿ ದೊಡ್ಡ ಮೊತ್ತ ಆ ಒಂದು ಸಾಲಿಗೆ ಹೋಗುತ್ತದೆ, ಬೆಳೆಗಾರರ ತೋಟದ ಪರೀಕ್ಷೆಗೆ ಸೊನ್ನೆ. ಅರ್ಜಿದಾರರು ಮೋಸ ಮಾಡುತ್ತಿದ್ದಾರೆ ಎಂದು ಇದರ ಅರ್ಥವಲ್ಲ. ಪ್ರಯೋಗಾಲಯದಲ್ಲಿ ಬೆಳೆದವರಿಗೆ ಯಂತ್ರದ ಬೆಲೆ ಮೊದಲು ನೆನಪಾಗುತ್ತದೆ, ಮರ ಹತ್ತುವವರ ಕೂಲಿ ಕೊನೆಗೆ, ಅಷ್ಟೆ.

ಟಿಪ್ಪಣಿ ಹೀಗಿರುತ್ತದೆ:

"ಕೋರಿಕೆ: ಅಡಿಕೆ ಕೊಳೆರೋಗಕ್ಕೆ ಹವಾಮಾನ ಆಧರಿಸಿ 5 ದಿನ ಮುಂಚೆ ಎಚ್ಚರಿಸುವ ವ್ಯವಸ್ಥೆ ರೂಪಿಸಿ ಪರೀಕ್ಷಿಸಲು 3 ವರ್ಷಕ್ಕೆ 50.28 ಲಕ್ಷ ರೂಪಾಯಿ. ಹೊಸತು: ಸಿಂಪಡಣೆಯ ದಿನವನ್ನು ತೋಟದೊಳಗಿನ ತೇವದ ಅಳತೆಯಿಂದ ನಿರ್ಧರಿಸುವುದು (ಪುಟ 11).

ಉದ್ದೇಶ ಮತ್ತು ಹಣ: ನಾಲ್ಕು ತಾಲ್ಲೂಕುಗಳ ರೋಗಾಣು ತಳಿಗಳ ಪತ್ತೆ, 17.5 ಲಕ್ಷ. ಎರಡು ಮಳೆಗಾಲ ಹವಾಮಾನ ಮತ್ತು ರೋಗದ ಅಳತೆ, 7 ಲಕ್ಷ. ಎಚ್ಚರಿಕೆ ಸೂತ್ರ, ಪ್ರತ್ಯೇಕ ಖರ್ಚಿಲ್ಲ. ಎರಡು ಮಳೆಗಾಲ 20 ತೋಟಗಳಲ್ಲಿ ಪರೀಕ್ಷೆ, ಹಣ ಇಟ್ಟಿಲ್ಲ. ಎಲ್ಲಕ್ಕೂ ಸೇರಿ ಒಬ್ಬ ಜೆಆರ್‌ಎಫ್ 15.31 ಲಕ್ಷ, ಉಳಿದ ಬಳಕೆ ಸಾಮಗ್ರಿ, ಪ್ರಯಾಣ, ಕಂಟಿಂಜೆನ್ಸಿ 5.9 ಲಕ್ಷ, ಓವರ್‌ಹೆಡ್ 4.57 ಲಕ್ಷ (ಪುಟ 28). ಸಂಬಳ ಸರ್ಕಾರಿ ದರದಂತೆ ಇದೆ. ಉಪಕರಣದ ಬೆಲೆಯಲ್ಲಿ ಜಿಎಸ್‌ಟಿ ಸೇರಿಲ್ಲ, ಶೇ. 18ರಂತೆ 3.69 ಲಕ್ಷ ಹೆಚ್ಚು ಬೇಕಾಗುತ್ತದೆ.

ಮುಗಿದಾಗ ಸಿಗುವುದು: ಎರಡು ಲೇಖನ, ಒಬ್ಬ ಪಿಎಚ್‌ಡಿ, ನಾಲ್ಕು ತೋಟಗಳ ಹವಾಮಾನ ದಾಖಲೆ, ಎಚ್ಚರಿಕೆ ಸೂತ್ರ. ಆಮೇಲೆ ಆಗಬಹುದೆಂದು ಹೇಳಿರುವುದು: ನಷ್ಟದಲ್ಲಿ ಶೇ. 50 ಇಳಿಕೆ. ಈಗಿನ ನಷ್ಟದ ಅಳತೆ ಅರ್ಜಿಯಲ್ಲಿಲ್ಲ.

ಸಭೆಯಲ್ಲಿ ಕೇಳಬೇಕಾದದ್ದು: 1. ಯೋಜನೆಗೆ 4 ಮಳೆಗಾಲ ಬೇಕು, ಅವಧಿಯಲ್ಲಿ 3 ಇವೆ. ಯಾವುದನ್ನು ಕಡಿಮೆ ಮಾಡುತ್ತಾರೆ? 2. ಸಹಸಂಶೋಧಕರ ವಿಭಾಗದಲ್ಲಿ ಪಿಸಿಆರ್ ಯಂತ್ರ ಇದೆ (ಪುಟ 33). 13.5 ಲಕ್ಷದ ಹೊಸ ಯಂತ್ರ ಏಕೆ? 3. ತೋಟದ ಪರೀಕ್ಷೆಯ ಕೂಲಿ ಎಲ್ಲಿಂದ? ಎಚ್ಚರಿಕೆ ತಪ್ಪಿದರೆ ಬೆಳೆಗಾರರ ನಷ್ಟ ತುಂಬುವವರು ಯಾರು?"

ಇಷ್ಟೇ. ಓದಲು ಎರಡು ಮೂರು ನಿಮಿಷ ಸಾಕು. ಪ್ರಶ್ನೆ ಮೂರೇ ಇರುವುದನ್ನು ಗಮನಿಸಿ. ಹತ್ತು ಪ್ರಶ್ನೆ ಬರೆದರೆ ಸಭೆ ಸುಲಭವಾದದ್ದನ್ನು ಎತ್ತಿಕೊಂಡು ಪ್ರಯಾಣದ ಖರ್ಚಿನ ಬಗ್ಗೆಯೇ ಹತ್ತು ನಿಮಿಷ ಕಳೆಯುತ್ತದೆ. ಉತ್ತರ ಬದಲಾದರೆ ತೀರ್ಮಾನವೂ ಬದಲಾಗುವಂಥ ಪ್ರಶ್ನೆಗಳು ಮಾತ್ರ ಇರಲಿ.

ಟಿಪ್ಪಣಿಯಲ್ಲಿ ಇಲ್ಲದ್ದನ್ನೂ ನೋಡಿ. 'ಅತ್ಯುತ್ತಮ', 'ದುರ್ಬಲ', 'ಮಹತ್ವಾಕಾಂಕ್ಷೆಯ' ಎಂಬ ಒಂದು ವಿಶೇಷಣವೂ ಇಲ್ಲ. ಸಮಯವಿಲ್ಲದ ಓದುಗರು ಸಂಖ್ಯೆಗಿಂತ ಬೇಗ ವಿಶೇಷಣವನ್ನು ಹಿಡಿಯುತ್ತಾರೆ. ಬರೆದವರ ಇಷ್ಟಾನಿಷ್ಟ ಅವರಿಗೆ ತಿಳಿಯದೆಯೇ ಅವರದಾಗಿಬಿಡುತ್ತದೆ. 'ಅವಧಿ ಸಾಲದು' ಎಂದು ಬರೆಯುವುದು ತೀರ್ಪು. '4 ಬೇಕು, 3 ಇವೆ' ಎಂದು ಬರೆಯುವುದು ಮಾಹಿತಿ. ಸಮಿತಿಯಲ್ಲಿರುವ ರೋಗಶಾಸ್ತ್ರದ ತಜ್ಞರಿಗೆ ಮೂರೇ ಮಳೆಗಾಲದಲ್ಲಿ ಮುಗಿಸುವ ದಾರಿ ಗೊತ್ತಿರಬಹುದು. ಮೊದಲ ಮಳೆಗಾಲದ ಅಳತೆಯಿಂದಲೇ ಒಂದು ಕಚ್ಚಾ ಸೂತ್ರ ಮಾಡಿ ಎರಡನೆಯ ಮಳೆಗಾಲದಿಂದಲೇ ಪರೀಕ್ಷೆ ಆರಂಭಿಸಬಹುದು ಎಂದು ಅವರು ಹೇಳಬಹುದು. ತೀರ್ಪು ಮೊದಲೇ ಬರೆದಿದ್ದರೆ ಆ ಮಾತು ಹೊರಗೆ ಬರುವುದೇ ಇಲ್ಲ.

ಟಿಪ್ಪಣಿ ಸರಿಯಾಗಿದೆಯೇ ಎಂದು ತಿಳಿಯಲು ನಾನು ಎರಡು ಪರೀಕ್ಷೆ ಮಾಡಿಕೊಳ್ಳುತ್ತೇನೆ. ಅರ್ಜಿದಾರರು ಇದನ್ನು ಓದಿದರೆ, ಪ್ರಶ್ನೆಗಳು ಕಹಿಯಾದರೂ, 'ಇದರಲ್ಲಿರುವ ಪ್ರತಿ ಮಾತೂ ನನ್ನ ಅರ್ಜಿಯಲ್ಲೇ ಇದೆ' ಎಂದು ಒಪ್ಪಬೇಕು. ಅರ್ಜಿಯನ್ನು ನೋಡದ ಸದಸ್ಯರು ಟಿಪ್ಪಣಿಯೊಂದನ್ನೇ ಓದಿ 'ಈ ಹಣಕ್ಕೆ ನಮಗೆ ಸಿಗುವುದು ಇದು' ಎಂದು ಎರಡು ವಾಕ್ಯದಲ್ಲಿ ಹೇಳುವಂತಿರಬೇಕು. ಮೊದಲನೆಯದರಲ್ಲಿ ಸೋತರೆ ಟಿಪ್ಪಣಿ ಅನ್ಯಾಯ ಮಾಡಿದೆ ಎಂದರ್ಥ. ಎರಡನೆಯದರಲ್ಲಿ ಸೋತರೆ ಅದು ಅರ್ಜಿಯ ಸಂಕ್ಷೇಪವನ್ನೇ ಮತ್ತೊಮ್ಮೆ ಬರೆದಿದೆ ಎಂದರ್ಥ. ಹೆಚ್ಚಿನ ಟಿಪ್ಪಣಿಗಳು ಸೋಲುವುದು ಎರಡನೆಯದರಲ್ಲಿ.

ಒಂದು ಪುಟಕ್ಕೆ ಮಿತಿಯೂ ಇದೆ. ತಳಿವೈವಿಧ್ಯ ಪತ್ತೆಹಚ್ಚಲು ಅರ್ಜಿ ಆರಿಸಿಕೊಂಡ ವಿಧಾನ ಸರಿಯೇ, ತಾಲ್ಲೂಕಿಗೆ ಒಂದು ತೋಟದ ಅಳತೆ ಸಾಕೇ ಎಂಬುದನ್ನು ಈ ಟಿಪ್ಪಣಿ ತೀರ್ಮಾನಿಸಲಾರದು. ಅದಕ್ಕೆ ಆ ಕ್ಷೇತ್ರದ ಪರಿಶೀಲಕರು ಇಡೀ ಅರ್ಜಿಯನ್ನು ಓದಿ ಬರೆದ ವರದಿಯೇ ಬೇಕು. ಟಿಪ್ಪಣಿ ಆ ವರದಿಯ ಜಾಗಕ್ಕೆ ಬರುವಂಥದ್ದಲ್ಲ. ಅರ್ಜಿದಾರರು ಟಿಪ್ಪಣಿ ಬರೆಯುವವರ ಗೆಳೆಯರೋ ಹಳೆಯ ವಿದ್ಯಾರ್ಥಿಯೋ ಆಗಿದ್ದರೆ ಅದನ್ನು ಮೊದಲೇ ಹೇಳಿ ಆ ಅರ್ಜಿಯನ್ನು ಬೇರೆಯವರಿಗೆ ದಾಟಿಸಬೇಕು. ಇಲ್ಲಿ ಬರೆಯುವವರ ಆಯ್ಕೆಯೇ ಸಮಿತಿಯ ನೋಟವನ್ನು ನಿರ್ಧರಿಸುತ್ತದೆ.

ಇಂಥ ಟಿಪ್ಪಣಿ ಕೈಯಲ್ಲಿದ್ದ ಸಮಿತಿ ನಮ್ಮ ಮಾದರಿ ಅರ್ಜಿಯನ್ನು ಏನು ಮಾಡಬಹುದು? ತಿರಸ್ಕರಿಸಬೇಕಾದ ಅರ್ಜಿ ಇದಲ್ಲ ಎಂದು ನನಗೆ ಅನ್ನಿಸುತ್ತದೆ. ಇರುವ ಯಂತ್ರವನ್ನೇ ಹಂಚಿಕೊಂಡು ಬಳಸಿದರೆ 13 ಲಕ್ಷ 50 ಸಾವಿರ ಉಳಿಯುತ್ತದೆ. ಹವಾಮಾನ ಕೇಂದ್ರಗಳ ಜಿಎಸ್‌ಟಿ ಶೇ. 18ರಂತೆ 1 ಲಕ್ಷ 26 ಸಾವಿರ. ಅದನ್ನು ಕಳೆದರೂ 12 ಲಕ್ಷಕ್ಕೂ ಹೆಚ್ಚು ಹಣ ಕೊನೆಗಾರರ ಕೂಲಿಗೆ, ಬೆಳೆಗಾರರ ನಷ್ಟ ಪರಿಹಾರಕ್ಕೆ, ಮೊದಲ ವರ್ಷವೇ ಆ 20 ತೋಟಗಳ ನಷ್ಟ ಅಳೆಯುವುದಕ್ಕೆ ಒದಗುತ್ತದೆ. ಒಟ್ಟು ಮೊತ್ತ ಹೆಚ್ಚಾಗಬೇಕಿಲ್ಲ. ಪರಿಷ್ಕರಿಸಿ ಮತ್ತೆ ಸಲ್ಲಿಸಿ ಎಂದು ಮೂರು ಪ್ರಶ್ನೆಗಳೊಂದಿಗೆ ಹಿಂದೆ ಕಳಿಸಿದರೆ ಮುಂದಿನ ಸಭೆಗೆ ಬರುವ ಅರ್ಜಿ ಇದಕ್ಕಿಂತ ಗಟ್ಟಿಯಾಗಿರುತ್ತದೆ.

ಅನುದಾನಕ್ಕೆ ಅರ್ಜಿ ಬರೆಯುತ್ತಿರುವ ಕಾಲೇಜು ಅಧ್ಯಾಪಕರು, ಯುವ ಸಂಶೋಧಕರು ಈ ಪತ್ರಿಕೆಯ ಓದುಗರಲ್ಲೂ ಇದ್ದೀರಿ. ಕಳಿಸುವ ಮುಂಚೆ ಒಂದು ಬಿಳಿ ಹಾಳೆಯ ಎಡಕ್ಕೆ ನಿಮ್ಮ ಉದ್ದೇಶಗಳನ್ನೂ ಬಲಕ್ಕೆ ಒಂದೊಂದರ ರೂಪಾಯಿಯನ್ನೂ ಬರೆದು ನೋಡಿ. ಸೊನ್ನೆ ಬಂದ ಕಡೆ ಬಜೆಟ್ ತಿದ್ದಿ, ಅಥವಾ ಆ ಉದ್ದೇಶವನ್ನು ಬಿಡಿ.